ಉಳಿತಾಯದ ಲೆಕ್ಕ: ಒಂದು ಲಾರಿ, ನಾಲ್ಕು ಹಳ್ಳಿ

ನಮ್ಮ ಕುಬಟೂರಿನ ಒಂದು ಉಗ್ರಾಣದಿಂದ ಅ, ಬ, ಕ, ಡ ಎಂಬ ನಾಲ್ಕು ಹಳ್ಳಿಗಳಿಗೆ ತಲಾ 10 ಮೂಟೆ ಅಕ್ಕಿ ಹೋಗಬೇಕೆಂದು ಭಾವಿಸೋಣ. ಲಾರಿಗೆ 20 ಮೂಟೆ ಮಾತ್ರ ಹಿಡಿಯುತ್ತದೆ. ಉಗ್ರಾಣದಿಂದ ಅ ಮತ್ತು ಡ 8 ಮೈಲಿ, ಬ ಮತ್ತು ಕ 10 ಮೈಲಿ. ಒಂದೊಂದು ಹಳ್ಳಿಗೂ ಬೇರೆಯಾಗಿ ಹೋಗಿಬಂದರೆ ಒಟ್ಟು 72 ಮೈಲಿಯಾಗುತ್ತದೆ.

1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಎಂಬವರು ಇದಕ್ಕೊಂದು ಕ್ರಮವನ್ನು ಪ್ರಕಟಿಸಿದರು. ಎರಡು ಹಳ್ಳಿಗಳನ್ನು ಒಂದೇ ಸುತ್ತಿಗೆ ಸೇರಿಸಿದರೆ ಮೊದಲನೆಯದರಿಂದ ಹಿಂದಿರುಗುವ ದಾರಿಯೂ ಎರಡನೆಯದಕ್ಕೆ ಹೊರಡುವ ದಾರಿಯೂ ಉಳಿಯುತ್ತವೆ. ಅವೆರಡರ ನಡುವಣ ದೂರ ಮಾತ್ರ ಹೆಚ್ಚುತ್ತದೆ. ಬ–ಕ ನಡುವೆ 4 ಮೈಲಿಯಾದರೆ ಉಳಿತಾಯ 10+10−4, ಅಂದರೆ 16. ಅ–ಬ ನಡುವೆ 4, ಉಳಿತಾಯ 14. ಕ–ಡ ನಡುವೆ 5, ಉಳಿತಾಯ 13. ಅ–ಕ ನಡುವೆ 7, ಬ–ಡ ನಡುವೆ 8. ಉಳಿತಾಯ ಕ್ರಮವಾಗಿ 11 ಮತ್ತು 10. ಅ–ಡ ನಡುವೆ 12, ಉಳಿತಾಯ 4.

ದೊಡ್ಡ ಉಳಿತಾಯದಿಂದ ಆರಂಭಿಸಿ ಒಂದೊಂದನ್ನೇ ಸೇರಿಸುತ್ತ ಬರಬೇಕು. ಮೂಟೆಗಳು 20ನ್ನು ಮೀರಿದರೆ ಆ ಜೋಡಿಯನ್ನು ಬಿಡಬೇಕು. ಮೊದಲು ಬ–ಕ ಸೇರಿತು, ಲಾರಿ ತುಂಬಿತು. ಬ ಅಥವಾ ಕ ಇರುವ ಮಿಕ್ಕ ಜೋಡಿಗಳೆಲ್ಲ ಬಿದ್ದುಹೋದುವು. ಉಳಿದುದು ಅ–ಡ. ಒಟ್ಟು 72−20, ಅಂದರೆ 52 ಮೈಲಿ.

ಆದರೆ ಅ–ಬ, ಕ–ಡ ಎಂದು ಜೋಡಿಸಿದ್ದರೆ ಉಳಿತಾಯ 27, ಒಟ್ಟು 45 ಮೈಲಿ! ಮೊದಲ ಲಾಭಕ್ಕೆ ಕೈಹಾಕಿದ್ದರಿಂದ 7 ಮೈಲಿ ನಷ್ಟವಾಯಿತು. ಲಾರಿಗೆ 40 ಮೂಟೆ ಹಿಡಿಯುವಂತಿದ್ದರೆ ಇದೇ ಕ್ರಮವು ಅ–ಬ–ಕ–ಡ ಎಂಬ 29 ಮೈಲಿಯ ಒಂದೇ ಸುತ್ತನ್ನು ಕೊಡುತ್ತಿತ್ತು. ಆದುದರಿಂದ ಕೊನೆಯ ಸುತ್ತಿನ ಹಳ್ಳಿಗಳು ಒಂದಕ್ಕೊಂದು ದೂರವಿದ್ದರೆ, ಸುತ್ತುಗಳ ನಡುವೆ ಹಳ್ಳಿಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ಕೂಡಿ ನೋಡತಕ್ಕದ್ದೆಂಬುದು ನನ್ನ ಅಭಿಪ್ರಾಯ.