ಹದಿಮೂರರಿಂದ ನಲವತ್ತೆಂಟು: ಫುಟ್‌ಬಾಲ್ ವಿಶ್ವಕಪ್‌ನ ಕೊನೆಯ ಲೀಗ್ ಪಂದ್ಯದ ಲೆಕ್ಕ

ಪುರುಷರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ 1930ರಲ್ಲಿ 13 ತಂಡ, 1982ರಲ್ಲಿ 24, 1998ರಲ್ಲಿ 32, 2026ರಲ್ಲಿ 48. ಕ್ವಿಜ್‌ಗೆ ಇಷ್ಟು ಗೊತ್ತಿದ್ರೆ ಸಾಕು. ಆದ್ರೆ ತಂಡಗಳ ಸಂಖ್ಯೆ ಏರಿದ ಹಾಗೆ ಆಟದ ಒಳಗೆ ಏನು ಬದಲಾಯ್ತು ಅನ್ನೋದು ಬೇರೆ ಪ್ರಶ್ನೆ. ಈ ಲೇಖನದಲ್ಲಿ ಅದರ ಒಂದೇ ಎಳೆಯನ್ನು ಹಿಡಿಯೋಣ: ಗುಂಪಿನ ಕೊನೆಯ ಪಂದ್ಯ. ಪ್ರತಿ ಸಲ ತಂಡಗಳು ಹೆಚ್ಚಾದಾಗಲೂ ಪೆಟ್ಟು ಬಿದ್ದಿದ್ದು ಆ ಪಂದ್ಯಕ್ಕೇ.

ಗುಂಪು ಯಾಕೆ ಬೇಕು?

1930ರಲ್ಲಿ ಉರುಗ್ವೆಯಲ್ಲಿ ನಡೆದ ಮೊದಲ ಕಪ್‌ಗೆ ಅರ್ಹತಾ ಪಂದ್ಯಗಳೇ ಇರಲಿಲ್ಲ. ಆಹ್ವಾನ ಕಳಿಸಿದರು, ಬಂದವರು ಆಡಿದರು. ಯುರೋಪಿನಿಂದ ಬಂದಿದ್ದು ನಾಲ್ಕೇ ತಂಡ, ಅದೂ ಹಡಗಿನಲ್ಲಿ. ಒಟ್ಟು 18 ಪಂದ್ಯ, ಎಲ್ಲವೂ ಮಾಂಟೆವಿಡಿಯೊ ಊರಲ್ಲೇ.

1934ರಲ್ಲಿ ಇಟಲಿಯವರು 16 ತಂಡ ಇಟ್ಟುಕೊಂಡು ಮೊದಲಿಂದಲೇ ನಾಕೌಟ್ ಮಾಡಿದರು. ಸೋತರೆ ಮನೆಗೆ. ಬ್ರೆಜಿಲ್, ಅರ್ಜೆಂಟೀನಾ ಅಷ್ಟು ದೂರದಿಂದ ಸಮುದ್ರ ದಾಟಿ ಬಂದು ಒಂದೊಂದೇ ಪಂದ್ಯ ಆಡಿ ವಾಪಸ್ ಹೋದವು. ಇಷ್ಟು ದೂರ ಬಂದವರಿಗೆ ಎರಡು ಮೂರು ಪಂದ್ಯವಾದರೂ ಸಿಗಬೇಕು ಅಂದ್ರೆ ಗುಂಪು ಬೇಕೇ ಬೇಕು. 1950ರಿಂದ ಗುಂಪುಗಳು ಮರಳಿ ಬಂದವು, ಆಮೇಲೆ ಹೋಗಲಿಲ್ಲ.

ಆದ್ರೆ ಗುಂಪಿಗೆ ಒಂದು ರೋಗ ಇದೆ. ನಾಕೌಟ್‌ನಲ್ಲಿ ಇಬ್ಬರಲ್ಲಿ ಒಬ್ಬರು ಸೋಲಲೇಬೇಕು. ಗುಂಪಿನಲ್ಲಿ ಹಾಗಲ್ಲ. ಕೊನೆಯ ಪಂದ್ಯದಲ್ಲಿ ಎದುರಾಗುವ ಇಬ್ಬರಿಗೂ ಒಂದೇ ಫಲಿತಾಂಶ ಲಾಭ ಆಗಬಹುದು, ನಷ್ಟ ಅಲ್ಲಿ ಇಲ್ಲದ ಮೂರನೆಯವರಿಗೆ ಹೋಗಬಹುದು.

ಹಿಹೋನ್, 25 ಜೂನ್ 1982

1954ರಿಂದ 1978ರವರೆಗೆ 16 ತಂಡಗಳ ಲೆಕ್ಕ. ಆ ಕಾಲದಲ್ಲಿ ಆಫ್ರಿಕಾ, ಏಷ್ಯಾಗಳಿಗೆ ಜಾಗವೇ ಕಡಿಮೆ. 1966ಕ್ಕೆ ಆಫ್ರಿಕಾ, ಏಷ್ಯಾ, ಓಷಿಯಾನಿಯಾ ಮೂರಕ್ಕೂ ಸೇರಿ ಒಂದೇ ಸ್ಥಾನ ಕೊಟ್ಟಿದ್ದರು. ಆಫ್ರಿಕಾದ ದೇಶಗಳು ಅದನ್ನು ಬಹಿಷ್ಕರಿಸಿದವು. 1970ರಿಂದ ಆ ಖಂಡಕ್ಕೆ ಒಂದು ಸ್ವಂತ ಸ್ಥಾನ ಸಿಕ್ಕಿತು. 1974ರಲ್ಲಿ ಫಿಫಾ ಅಧ್ಯಕ್ಷರಾದ ಬ್ರೆಜಿಲ್‌ನ ಜೊವಾವ್ ಹಾವೆಲಾಂಜ್ ತಂಡಗಳನ್ನು ಹೆಚ್ಚಿಸುತ್ತೇನೆ ಅಂತ ಮಾತು ಕೊಟ್ಟೇ ಗೆದ್ದಿದ್ದರು. 1982ರಲ್ಲಿ ಸ್ಪೇನ್‌ನಲ್ಲಿ 24 ತಂಡಗಳಾದವು, ಆಫ್ರಿಕಾಕ್ಕೆ ಎರಡು ಸ್ಥಾನ. ಅದರಲ್ಲಿ ಒಂದು ಅಲ್ಜೀರಿಯಾ.

ಅಲ್ಜೀರಿಯಾ ಮೊದಲ ಪಂದ್ಯದಲ್ಲೇ ಪಶ್ಚಿಮ ಜರ್ಮನಿಯನ್ನು 2-1ರಿಂದ ಸೋಲಿಸಿತು. ಆಮೇಲೆ ಆಸ್ಟ್ರಿಯಾ ವಿರುದ್ಧ 0-2 ಸೋಲು, ಚಿಲಿ ವಿರುದ್ಧ 3-2 ಗೆಲುವು. ಅಲ್ಲಿಗೆ ಅವರ ಮೂರೂ ಪಂದ್ಯ ಮುಗಿದವು. ಮರುದಿನ ಹಿಹೋನ್ ಊರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾ ಆಡಬೇಕಿತ್ತು. ಆಗ ಗೆಲುವಿಗೆ 2 ಅಂಕ. ಪಟ್ಟಿ ಹೀಗಿತ್ತು:

| ತಂಡ | ಆಡಿದ್ದು | ಹೊಡೆದ ಗೋಲು | ಬಿಟ್ಟ ಗೋಲು | ವ್ಯತ್ಯಾಸ | ಅಂಕ |
|---|---|---|---|---|---|
| ಆಸ್ಟ್ರಿಯಾ | 2 | 3 | 0 | +3 | 4 |
| ಅಲ್ಜೀರಿಯಾ | 3 | 5 | 5 | 0 | 4 |
| ಪಶ್ಚಿಮ ಜರ್ಮನಿ | 2 | 5 | 3 | +2 | 2 |

ಚಿಲಿ ಮೂರನ್ನೂ ಸೋತು ಹೊರಗಿತ್ತು. ಮುಂದಿನ ಸುತ್ತಿಗೆ ಇಬ್ಬರು. ಈಗ ಒಂದೊಂದೇ ಫಲಿತಾಂಶ ಹಾಕಿ ನೋಡೋಣ.

ಪಂದ್ಯ ಡ್ರಾ ಆದ್ರೆ, ಅಥವಾ ಆಸ್ಟ್ರಿಯಾ ಗೆದ್ರೆ, ಜರ್ಮನಿ ಹೊರಗೆ. ಜರ್ಮನಿ 3-0ರಿಂದ ಗೆದ್ರೆ ಆಸ್ಟ್ರಿಯಾದ ವ್ಯತ್ಯಾಸ ಸೊನ್ನೆಗೆ ಇಳಿಯುತ್ತೆ. ಅಲ್ಜೀರಿಯಾದ್ದೂ ಸೊನ್ನೆ, ಆದ್ರೆ ಅವರು ಹೊಡೆದ ಗೋಲು ಹೆಚ್ಚು. ಅಂದ್ರೆ ಆಸ್ಟ್ರಿಯಾ ಹೊರಗೆ. ಆದ್ರೆ ಜರ್ಮನಿ ಒಂದು ಅಥವಾ ಎರಡು ಗೋಲಿನ ಅಂತರದಲ್ಲಿ ಗೆದ್ರೆ? ಜರ್ಮನಿಯೂ ಒಳಗೆ, ಆಸ್ಟ್ರಿಯಾವೂ ಒಳಗೆ, ಅಲ್ಜೀರಿಯಾ ಹೊರಗೆ.

ಮೊದಲ ಹನ್ನೊಂದು ನಿಮಿಷದೊಳಗೇ ಜರ್ಮನಿಯ ಹೋರ್ಸ್ಟ್ ಹ್ರುಬೆಶ್ ಗೋಲು ಹೊಡೆದರು. 1-0. ಅದಾದ ಮೇಲೆ, ಮುಖ್ಯವಾಗಿ ಎರಡನೇ ಅರ್ಧದಲ್ಲಿ, ಆಟವೇ ನಿಂತ ಹಾಗಾಯ್ತು. ಚೆಂಡು ತಮ್ಮವರಿಂದ ತಮ್ಮವರಿಗೆ, ಅಲ್ಲಿಂದ ಗೋಲ್‌ಕೀಪರ್‌ಗೆ. ಸ್ಟೇಡಿಯಂನಲ್ಲಿದ್ದ ಅಲ್ಜೀರಿಯಾದ ಅಭಿಮಾನಿಗಳು ನೋಟು ತೆಗೆದು ಬೀಸಿದರು. ಅಲ್ಜೀರಿಯಾ ದೂರು ಕೊಟ್ಟಿತು. ಯಾವ ನಿಯಮವೂ ಮುರಿದಿಲ್ಲ ಅಂತ ಫಲಿತಾಂಶ ಹಾಗೇ ಉಳಿಯಿತು.

ನಮಗೆ ಈ ಪಟ್ಟಿಯಲ್ಲಿ ಜಾಸ್ತಿ ಹೊಟ್ಟೆ ಉರಿಸಿದ್ದು ಇನ್ನೊಂದು ವಿಷಯ. ಚಿಲಿ ವಿರುದ್ಧ ಅಲ್ಜೀರಿಯಾ ಮೊದಲು 3-0 ಮುಂದಿತ್ತು, ಆಮೇಲೆ ಎರಡು ಗೋಲು ಬಿಟ್ಟುಕೊಟ್ಟಿತು. ಆ ಎರಡು ಬಿಡದೇ ಇದ್ದಿದ್ರೆ ವ್ಯತ್ಯಾಸ +2. ಆಗ 1-0 ಆದ ಮೇಲೆ ಆಸ್ಟ್ರಿಯಾವೂ +2ಕ್ಕೆ ಇಳಿದು, ಹೊಡೆದ ಗೋಲಿನ ಲೆಕ್ಕದಲ್ಲಿ ಅಲ್ಜೀರಿಯಾ ಮುಂದೆ ಹೋಗ್ತಿತ್ತು. ಅಂದ್ರೆ 1-0 ಅನ್ನೋ ಸ್ಕೋರ್ ಇಬ್ಬರಿಗೂ ಒಪ್ಪಿಗೆ ಆಗ್ತಾನೇ ಇರಲಿಲ್ಲ.

ಇದಾದ ಮೇಲೆ 1986ರಿಂದ ಒಂದು ಬದಲಾವಣೆ ಬಂತು: ಗುಂಪಿನ ಕೊನೆಯ ಎರಡು ಪಂದ್ಯಗಳು ಒಂದೇ ಹೊತ್ತಿಗೆ ಶುರು. ಇನ್ನೊಂದು ಮೈದಾನದಲ್ಲಿ ಏನಾಗುತ್ತೋ ಗೊತ್ತಿಲ್ಲದಿದ್ದಾಗ ಹೀಗೆ ನೆಮ್ಮದಿಯಾಗಿ ಕೂರೋಕೆ ಆಗಲ್ಲ.

24ರ ತೊಂದರೆ, 32ರ ಅಚ್ಚುಕಟ್ಟು

ಆದ್ರೆ 24ರಲ್ಲಿ ಇನ್ನೊಂದು ತೊಂದರೆ ಇತ್ತು. ನಾಕೌಟ್‌ಗೆ 8, 16, 32 ಈ ಥರದ ಸಂಖ್ಯೆ ಬೇಕು, ಪ್ರತಿ ಸುತ್ತಿನಲ್ಲೂ ಅರ್ಧ ಆಗಬೇಕಲ್ಲ. 24 ತಂಡ ಅಂದ್ರೆ 6 ಗುಂಪು, ಇಬ್ಬಿಬ್ಬರಂತೆ 12 ಜನ. 12 ನಾಕೌಟ್‌ಗೆ ಹೊಂದಲ್ಲ. 1982ರಲ್ಲಿ ಈ 12ನ್ನು ಮತ್ತೆ ಮೂರು ಮೂರರ ಗುಂಪು ಮಾಡಿದರು. 1986ರಿಂದ 1994ರವರೆಗೆ ಬೇರೆ ಉಪಾಯ: ಆರು ಮೂರನೇ ಸ್ಥಾನದವರಲ್ಲಿ ಚೆನ್ನಾಗಿ ಆಡಿದ ನಾಲ್ವರನ್ನೂ ಸೇರಿಸಿ 16 ಮಾಡೋದು.

ಇದರಿಂದ ಮೂರನೇ ಸ್ಥಾನಕ್ಕೂ ಬೆಲೆ ಬಂತು. 1990ರಲ್ಲಿ ಐರ್ಲೆಂಡ್ ಮತ್ತು ನೆದರ್ಲೆಂಡ್ಸ್ ತಮ್ಮ ಗುಂಪಿನ ಮೂರೂ ಪಂದ್ಯ ಡ್ರಾ ಮಾಡಿಕೊಂಡವು. ಇಬ್ಬರದ್ದೂ ಎರಡು ಗೋಲು ಹೊಡೆದು ಎರಡು ಬಿಟ್ಟ ಲೆಕ್ಕ. ಎರಡನೆಯವರು ಯಾರು ಅಂತ ಚೀಟಿ ಎತ್ತಬೇಕಾಯ್ತು. ಒಂದೂ ಪಂದ್ಯ ಗೆಲ್ಲದೆ ಇಬ್ಬರೂ ಮುಂದೆ ಹೋದರು. ಅದೇ ವರ್ಷ ಅರ್ಜೆಂಟೀನಾ, 1994ರಲ್ಲಿ ಇಟಲಿ, ಗುಂಪಿನಲ್ಲಿ ಮೂರನೆಯವರಾಗಿ ಫೈನಲ್‌ವರೆಗೂ ಹೋದವು.

1998ರಲ್ಲಿ 32 ಆದಾಗ ಎಲ್ಲ ಸರಿಹೋಯ್ತು. 8 ಗುಂಪು, ಇಬ್ಬಿಬ್ಬರು, 16. ಮೂರನೆಯವರು ಮನೆಗೆ. 2022ರ ಕತಾರ್‌ವರೆಗೂ ಇದೇ ನಡೆಯಿತು. ಕತಾರ್‌ನಲ್ಲಿ ಸ್ಪೇನ್, ಜರ್ಮನಿ, ಜಪಾನ್, ಕೋಸ್ಟಾರಿಕಾ ಇದ್ದ ಗುಂಪಿನ ಕೊನೆಯ ರಾತ್ರಿ ನೆನಪಿದೆಯಾ? ಎರಡೂ ಪಂದ್ಯ ಒಟ್ಟಿಗೆ ನಡೀತಿದ್ದಾಗ ಕೆಲವೇ ನಿಮಿಷದ ಮಟ್ಟಿಗೆ ಸ್ಪೇನ್, ಜರ್ಮನಿ ಎರಡೂ ಹೊರಗಿದ್ದವು. ಕೊನೆಗೆ ಸ್ಪೇನ್ ಉಳಿಯಿತು, ಜರ್ಮನಿ ಹೋಯಿತು.

48: ಮೂರರ ಗುಂಪಾ, ನಾಲ್ಕರ ಗುಂಪಾ?

2017ರ ಜನವರಿಯಲ್ಲಿ ಫಿಫಾ 2026ಕ್ಕೆ 48 ತಂಡ ಅಂತ ತೀರ್ಮಾನಿಸಿತು. ಮೊದಲ ಯೋಜನೆ ಮೂರು ಮೂರರ 16 ಗುಂಪು, ಇಬ್ಬಿಬ್ಬರು ಮುಂದೆ, 32. ಕಾಗದದ ಮೇಲೆ ಅಚ್ಚುಕಟ್ಟು. ಆದ್ರೆ ಮೂವರ ಗುಂಪಿನಲ್ಲಿ ಕೊನೆಯ ಪಂದ್ಯದ ದಿನ ಒಬ್ಬರು ಸುಮ್ಮನೆ ಕೂತಿರಬೇಕು. ಒಂದೇ ಹೊತ್ತಿಗೆ ಆಡಿಸೋಕೆ ಎರಡನೇ ಪಂದ್ಯವೇ ಇಲ್ಲ.

ಎ, ಬಿ, ಸಿ ಅಂತ ಮೂರು ತಂಡ ಇಟ್ಟುಕೊಳ್ಳಿ. ಎ ತಂಡ ಬಿ ಜೊತೆ 0-0, ಸಿ ಜೊತೆ 0-0 ಆಡಿ ಮುಗಿಸಿತು. ಈಗ ಬಿ ಮತ್ತು ಸಿ 1-1 ಡ್ರಾ ಮಾಡಿಕೊಂಡರೆ ಮೂವರಿಗೂ 2 ಅಂಕ, ಮೂವರ ವ್ಯತ್ಯಾಸವೂ ಸೊನ್ನೆ. ಆದ್ರೆ ಬಿ, ಸಿ ಒಂದೊಂದು ಗೋಲು ಹೊಡೆದಿದ್ದಾರೆ, ಎ ಒಂದೂ ಇಲ್ಲ. ಎ ಹೊರಗೆ. ಒಂದೂ ಪಂದ್ಯ ಸೋಲದೆ, ಒಂದೂ ಗೋಲು ಬಿಡದೆ! ಹಿಹೋನ್ ಒಂದು ಸಲ ಆಗಿದ್ದು. ಈ ಯೋಜನೆಯಲ್ಲಿ ಅದಕ್ಕೆ 16 ಗುಂಪಿನಲ್ಲೂ ಬಾಗಿಲು ತೆರೆದ ಹಾಗೆ.

ಕತಾರ್‌ನ ಆ ಕೊನೆಯ ರಾತ್ರಿಗಳನ್ನು ನೋಡಿದ ಮೇಲೆ, 2023ರ ಮಾರ್ಚ್‌ನಲ್ಲಿ ಫಿಫಾ ಇದನ್ನು ಕೈಬಿಟ್ಟಿತು. ಈಗ ನಾಲ್ಕು ನಾಲ್ಕರ 12 ಗುಂಪು. ಗುಂಪಿನ ಪಂದ್ಯ 72, ನಾಕೌಟ್ 32, ಒಟ್ಟು 104. ಹಿಂದೆ 64 ಇತ್ತು. ಕಪ್ ಗೆಲ್ಲೋ ತಂಡ 7ರ ಬದಲು 8 ಪಂದ್ಯ ಆಡಬೇಕು. ಆಫ್ರಿಕಾಕ್ಕೆ ನೇರವಾಗಿ 9, ಏಷ್ಯಾಕ್ಕೆ 8 ಸ್ಥಾನ. (ಏಷ್ಯಾದಲ್ಲಿ ಅಷ್ಟು ಜಾಗ ಇದ್ರೂ ಭಾರತ ಅರ್ಹತಾ ಪಂದ್ಯಗಳ ಎರಡನೇ ಸುತ್ತಿನಲ್ಲೇ ಹೊರಬಿತ್ತು.)

ಆದ್ರೆ 48 ಅಂದ್ರೆ 24ರ ಎರಡರಷ್ಟು. ಹಾಗಾಗಿ 24ರ ತೊಂದರೆ ವಾಪಸ್ ಬಂದಿದೆ. ಇಬ್ಬಿಬ್ಬರಂತೆ 24 ಜನ, ಉಳಿದ 8 ಜಾಗಕ್ಕೆ 12 ಮೂರನೆಯವರಲ್ಲಿ ಉತ್ತಮ ಎಂಟು. ಯಾವ ಎಂಟು ಗುಂಪಿನಿಂದ ಬರ್ತಾರೆ ಅನ್ನೋದಕ್ಕೆ C(12, 8) = 495 ಸಾಧ್ಯತೆ. ಹಳೆಯ 24ರಲ್ಲಿ C(6, 4) = 15 ಇತ್ತು. ಯಾರು ಯಾರ ಮೇಲೆ ಆಡಬೇಕು ಅಂತ ಈ 495ಕ್ಕೂ ಮೊದಲೇ ಪಟ್ಟಿ ಮಾಡಿ ಇಡಬೇಕು.

ಇದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. 32 ತಂಡಗಳಿದ್ದಾಗ 16 ಜನರನ್ನು ಮನೆಗೆ ಕಳಿಸೋಕೆ 48 ಪಂದ್ಯ ಆಡಿಸ್ತಿದ್ದರು. ಈಗಲೂ ಮನೆಗೆ ಹೋಗೋದು 16 ಜನವೇ, ಆಡಿಸೋದು 72 ಪಂದ್ಯ. ಅಷ್ಟರ ಮಟ್ಟಿಗೆ ಒಂದೊಂದು ಪಂದ್ಯದ ತೂಕ ಕಡಿಮೆ. ಜೊತೆಗೆ, ಒಂದು ಗುಂಪಿನೊಳಗೆ ಕೊನೆಯ ಪಂದ್ಯಗಳು ಒಟ್ಟಿಗೆ ನಡೆದರೂ ಹನ್ನೆರಡೂ ಗುಂಪುಗಳು ಒಂದೇ ದಿನ ಮುಗಿಯಲ್ಲ. ಮೊದಲು ಮುಗಿಸಿದ ಗುಂಪಿನ ಮೂರನೆಯವರು 3 ಅಂಕ ಹಿಡಿದು ಹೋಟೆಲ್‌ನಲ್ಲಿ ಕಾಯ್ತಾರೆ. ಕೊನೆಯ ಗುಂಪಿನವರಿಗೆ ಎಷ್ಟು ಅಂಕ ಸಾಕು ಅಂತ ಗೊತ್ತಿರುತ್ತೆ. ಅಲ್ಲಿ ತಲಾ 3 ಅಂಕ ಇರೋ ಎರಡು ತಂಡ ಎದುರಾದ್ರೆ, ಒಂದು ಡ್ರಾ ಇಬ್ಬರನ್ನೂ 4ಕ್ಕೆ ಮುಟ್ಟಿಸುತ್ತೆ. ಹಿಹೋನ್‌ಗೆ ಮುಂಬಾಗಿಲು ಮುಚ್ಚಿದ್ದಾರೆ, ಹಿತ್ತಿಲ ಬಾಗಿಲು ಇನ್ನೂ ಅರ್ಧ ತೆರೆದಿದೆ.

ನೀವೇ ಇದನ್ನು ಗುರುತಿಸಬಹುದು. ಕೊನೆಯ ಪಂದ್ಯಕ್ಕೆ ಮೊದಲು ಪಟ್ಟಿ ಬರೆದುಕೊಳ್ಳಿ. ಗೆಲುವು, ಡ್ರಾ, ಸಣ್ಣ ಸೋಲು ಮೂರನ್ನೂ ಹಾಕಿ ಯಾರು ಒಳಗೆ ಯಾರು ಹೊರಗೆ ನೋಡಿ. ಯಾವುದಾದರೂ ಒಂದು ಸ್ಕೋರ್ ಮೈದಾನದಲ್ಲಿರೋ ಇಬ್ಬರಿಗೂ ಸಾಕಾಗಿದ್ರೆ, ಆ ಸ್ಕೋರ್ ಬಂದ ಮೇಲೆ ಚೆಂಡು ಯಾವ ಕಡೆ ಹೋಗುತ್ತೆ ಅಂತ ಗಮನಿಸಿ. ಮುಂದಕ್ಕೆ ಹೋಗ್ತಿದ್ರೆ ಆಟ ನಡೀತಿದೆ. ಗೋಲ್‌ಕೀಪರ್ ಕಡೆಗೇ ವಾಪಸ್ ಬರ್ತಿದ್ರೆ, ಎಲ್ಲೋ ಇನ್ನೊಂದು ಅಲ್ಜೀರಿಯಾ ಟಿವಿ ಮುಂದೆ ಕೂತು ಅದನ್ನೇ ನೋಡ್ತಿರುತ್ತೆ.