ಸರ್ವರ್ ರೂಮಿನಲ್ಲೇ ಕ್ಲೌಡ್: ಪುಕ್ಕಟೆ ಎಷ್ಟು, ಪಡಿಪಾಟಲು ಎಷ್ಟು?

ಪ್ರಶ್ನೆ: ನಾನು ಚಿತ್ರದುರ್ಗದ ಒಂದು ವಿದ್ಯಾಸಂಸ್ಥೆಯಲ್ಲಿ ಸಿಸ್ಟಂ ಅಡ್ಮಿನ್. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲೂ ನಮ್ಮ ಕಾಲೇಜುಗಳಿವೆ. 256 ಜಿಬಿ ಮೆಮೊರಿಯ ಮೂರು ಸರ್ವರ್, ಒಂದು ಎನ್‌ಎಫ್‌ಎಸ್ ಸ್ಟೋರೇಜ್ ಇವೆ. ಎಲ್ಲವೂ ವಿಎಂವೇರ್ ಮೇಲೆ ನಡೆಯುತ್ತಿವೆ. ಈ ಸಲದ ರಿನ್ಯೂವಲ್ ಕೊಟೇಶನ್ ನೋಡಿದ ಸೆಕ್ರೆಟರಿಯವರು, “ಓಪನ್ ಸೋರ್ಸ್ ಪುಕ್ಕಟೆ ಅಲ್ವಾ, ನಮ್ಮದೇ ಕ್ಲೌಡ್ ಮಾಡಿ” ಎಂದಿದ್ದಾರೆ. ಓಪನ್‌ಸ್ಟ್ಯಾಕ್ ಹಾಕಲು ಹೋಗಿ ಸುಸ್ತಾಗಿದ್ದೇನೆ. ಜೊತೆಗಿರುವುದು ಒಬ್ಬ ಲ್ಯಾಬ್ ಸಹಾಯಕ ಮಾತ್ರ. ಕೈಕೊಟ್ಟರೆ ಎಲ್ಲವೂ ನನ್ನ ತಲೆಗೇ ಬರುತ್ತದೆ. ಏನು ಮಾಡಲಿ?

ಉತ್ತರ: ಸೆಕ್ರೆಟರಿಯವರ ಸಿಟ್ಟು ಅರ್ಥವಾಗುವಂಥದ್ದೇ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರನ್ನು ಕೊಂಡಿತು. ಮರುತಿಂಗಳೇ ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿ ಎಲ್ಲರನ್ನೂ ಚಂದಾ ಪದ್ಧತಿಗೆ ತಂದಿತು. ಅಂದಿನಿಂದ ನಿಮ್ಮಂಥ ಸಂಸ್ಥೆಗಳು ದೇಶದ ತುಂಬ ಇದೇ ಪ್ರಶ್ನೆ ಹಿಡಿದು ಕೂತಿವೆ.

ಓಪನ್‌ಸ್ಟ್ಯಾಕ್ ನಿಮಗೆ ಒಗ್ಗದಿರುವುದು ನಿಮ್ಮ ದಡ್ಡತನವಲ್ಲ. 2010ರಲ್ಲಿ ನಾಸಾ ಮತ್ತು ರ್ಯಾಕ್‌ಸ್ಪೇಸ್ ಸೇರಿ ಶುರುಮಾಡಿದ ಅದು ಬಿಡಿಬಿಡಿ ಸೇವೆಗಳ ಕಟ್ಟು. ಗುರುತು ಪರಿಶೀಲಿಸುವುದು ಒಂದು, ವರ್ಚುವಲ್ ಯಂತ್ರ ಎಬ್ಬಿಸುವುದು ಇನ್ನೊಂದು, ನೆಟ್‌ವರ್ಕ್ ಮತ್ತೊಂದು, ಡಿಸ್ಕ್ ಮಗದೊಂದು. ಜಿನೀವಾದ ಸರ್ನ್ ಸಂಶೋಧನಾಲಯ 2013ರಿಂದ ಅದರ ಮೇಲೆಯೇ ತನ್ನ ಕ್ಲೌಡ್ ನಡೆಸುತ್ತಿದೆ. ಆದರೆ ಅಲ್ಲಿ ಅದಕ್ಕೆಂದೇ ಒಂದು ತಂಡವಿದೆ. ಒಬ್ಬರೇ ಇರುವ ಕಡೆ ಅದು ಬೇಡ.

ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ. ನಿಮ್ಮಲ್ಲಿರುವುದು ಅಕೌಂಟ್ಸ್, ಗ್ರಂಥಾಲಯ, ಹಾಜರಾತಿ ಅಂತ ಹತ್ತು ಹನ್ನೆರಡು ಯಂತ್ರ ಮಾತ್ರವೇ? ಹೊಸದು ಬೇಕಾದಾಗ ನೀವೇ ಮಾಡಿಕೊಡುತ್ತೀರಾ? ಹಾಗಿದ್ದರೆ ಕ್ಲೌಡ್ ಬೇಕಿಲ್ಲ, ಪ್ರಾಕ್ಸ್‌ಮಾಕ್ಸ್ ಸಾಕು. ಮೂರು ಸರ್ವರಿಗೆ ಅದನ್ನು ಹಾಕಿ ನಿಶ್ಚಿಂತೆಯಿಂದಿರಿ. ಹೊಸದುರ್ಗದ ಮೇಷ್ಟ್ರು ನಿಮಗೆ ಫೋನ್ ಮಾಡದೆ ತಮ್ಮ ಬ್ಯಾಚಿಗೆ ತಾವೇ ಯಂತ್ರ ಎಬ್ಬಿಸಿಕೊಳ್ಳಬೇಕು, ಪಾಲಿಗಿಂತ ಹೆಚ್ಚು ಕೇಳಿದರೆ ವ್ಯವಸ್ಥೆಯೇ ತಡೆಯಬೇಕು ಅಂತಿದ್ದರೆ ಮಾತ್ರ ಕ್ಲೌಡ್. ನಾಲ್ಕು ಊರಿನ ಲ್ಯಾಬ್ ಇರುವುದರಿಂದ ನಿಮ್ಮದು ಎರಡನೆಯದು ಎಂದುಕೊಂಡು ಮುಂದೆ ಬರೆಯುತ್ತೇನೆ. ಒಂದೂರಲ್ಲಿ ಯಂತ್ರ, ಹಲವು ಊರಲ್ಲಿ ಬಳಕೆ ಎಂಬುದು ನಮ್ಮವರಿಗೆ ಹೊಸದೂ ಅಲ್ಲ. ತಾಲ್ಲೂಕು ಕಚೇರಿಯಲ್ಲಿ ಪಹಣಿ ಮುದ್ರಣವಾಗುವಾಗ ಭೂಮಿ ತಂತ್ರಾಂಶದ ದತ್ತಾಂಶ ಬರುವುದು ಬೆಂಗಳೂರಿನ ರಾಜ್ಯ ಡೇಟಾ ಸೆಂಟರಿನಿಂದ.

ನಿಮಗೆ ನಾನು ಹೇಳುವುದು ಅಪಾಚೆ ಕ್ಲೌಡ್‌ಸ್ಟ್ಯಾಕ್. ಸಿಟ್ರಿಕ್ಸ್ ಕಂಪನಿ 2012ರಲ್ಲಿ ಅಪಾಚೆ ಪ್ರತಿಷ್ಠಾನಕ್ಕೆ ಕೊಟ್ಟ ತಂತ್ರಾಂಶ ಅದು. ಒಂದು ಮ್ಯಾನೇಜ್‌ಮೆಂಟ್ ಸರ್ವರ್, ಅದಕ್ಕೊಂದು ಮೈಎಸ್‌ಕ್ಯುಎಲ್, ಮಿಕ್ಕ ಕಡೆ ಕೆವಿಎಂ ಮತ್ತು ಒಂದು ಏಜೆಂಟ್. ಇಷ್ಟನ್ನು ಒಬ್ಬ ಮನುಷ್ಯ ತಲೆಯಲ್ಲಿ ಇಟ್ಟುಕೊಳ್ಳಬಲ್ಲ. ಪ್ರತಿ ಕಾಲೇಜಿಗೂ ಒಂದೊಂದು ಡೊಮೈನ್ ಮಾಡಿ. ಅದರೊಳಗೆ ವಿಭಾಗಕ್ಕೊಂದು ಅಕೌಂಟ್ ಕೊಟ್ಟು ಯಂತ್ರ, ಮೆಮೊರಿ, ಡಿಸ್ಕ್‌ಗೆ ಮಿತಿ ಹಾಕಿ.

ಮಿತಿ ಎಷ್ಟೆಂದು ಲೆಕ್ಕ ಹಾಕೋಣ. ಮೂರು ಸರ್ವರ್ ಇದ್ದರೂ ಲೆಕ್ಕಕ್ಕೆ ಹಿಡಿಯಬೇಕಾದ್ದು ಎರಡನ್ನೇ. ಒಂದು ಕೆಟ್ಟರೆ ಅದರ ಭಾರ ಉಳಿದವು ಹೊರಬೇಕಲ್ಲ. ಒಂದೊಂದರಲ್ಲೂ ಆ ಸರ್ವರಿನ ಸ್ವಂತಕ್ಕೆ 16 ಜಿಬಿ ಬಿಡಿ, ಎರಡಕ್ಕೆ 480 ಉಳಿಯಿತು. ಅಕೌಂಟ್ಸ್, ಗ್ರಂಥಾಲಯ ಮತ್ತು ಕ್ಲೌಡ್‌ಸ್ಟ್ಯಾಕಿನ ಸಿಸ್ಟಂ ಯಂತ್ರಗಳಿಗೆ 100 ತೆಗೆದಿಡಿ. ಉಳಿದ 380ರಲ್ಲಿ ವಿದ್ಯಾರ್ಥಿಗೆ 4 ಜಿಬಿಯಂತೆ 95 ಯಂತ್ರ. ಪ್ರೊಸೆಸರನ್ನು ಮೂರು ನಾಲ್ಕು ಪಟ್ಟು ಹಂಚಿದರೂ ಲ್ಯಾಬಿಗೆ ತೊಂದರೆಯಿಲ್ಲ, ಎಲ್ಲರೂ ಒಟ್ಟಿಗೆ ಕಂಪೈಲ್ ಒತ್ತುವುದಿಲ್ಲ. ಮೆಮೊರಿಯನ್ನು ಮಾತ್ರ ಇರುವುದಕ್ಕಿಂತ ಹೆಚ್ಚು ಹಂಚಬೇಡಿ. ಅಂದರೆ 60 ಜನರ ಒಂದು ಬ್ಯಾಚ್ ನಡೆಯುವಾಗ ಇನ್ನೊಂದು ಊರಿನ 30 ಜನ ಕೂರಬಹುದು. ನಾಲ್ಕೂ ಊರಲ್ಲಿ ಏಕಕಾಲಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ನಡೆಸಲಾಗದು. ಇದನ್ನು ಪ್ರಿನ್ಸಿಪಾಲರಿಗೆ ಈಗಲೇ ಬರವಣಿಗೆಯಲ್ಲಿ ಕೊಡಿ.

ಇನ್ನು ನಿಮ್ಮ ನಿಜವಾದ ಅಪಾಯ ಸ್ಟೋರೇಜ್. ಕ್ಲೌಡ್‌ಸ್ಟ್ಯಾಕಿನ ಏಜೆಂಟ್ ಪ್ರತಿ ಸರ್ವರಿನಿಂದಲೂ ಎನ್‌ಎಫ್‌ಎಸ್ ಮೇಲಿನ ಒಂದು ಪುಟ್ಟ ಫೈಲಿಗೆ ಆಗಾಗ ಸಮಯ ಬರೆಯುತ್ತಿರುತ್ತದೆ. ‘ನಾನಿನ್ನೂ ಬದುಕಿದ್ದೇನೆ’ ಎಂಬ ಹಾಜರಿ ಅದು. ಬರೆಯಲು ಪದೇಪದೇ ಆಗದಿದ್ದರೆ ಸರ್ವರ್ ತನ್ನನ್ನು ತಾನೇ ರೀಬೂಟ್ ಮಾಡಿಕೊಳ್ಳುತ್ತದೆ. ಕಾರಣವೂ ಸರಿಯಾಗಿಯೇ ಇದೆ. ಸಂಪರ್ಕ ತಪ್ಪಿದ ಸರ್ವರಿನ ಯಂತ್ರವನ್ನು ಇನ್ನೊಂದು ಸರ್ವರ್ ಎಬ್ಬಿಸಿದರೆ ಒಂದೇ ಡಿಸ್ಕಿಗೆ ಇಬ್ಬರು ಬರೆದು ದತ್ತಾಂಶ ಹಾಳಾಗುತ್ತದೆ. ಆದರೆ ನಿಮ್ಮಲ್ಲಿ ಇರುವುದು ಒಂದೇ ಸ್ಟೋರೇಜ್. ಕರೆಂಟು ಹೋಗಿ ಯುಪಿಎಸ್ ಎಡವಿ ಆ ಸ್ಟೋರೇಜ್ ಒಂದು ಮರುಚಾಲನೆ ತೆಗೆದುಕೊಂಡರೆ, ಆರೋಗ್ಯವಾಗಿದ್ದ ಮೂರೂ ಸರ್ವರ್ ಒಟ್ಟಿಗೆ ಮಗುಚಿಕೊಳ್ಳುತ್ತವೆ. ಪತ್ತೆ ಸುಲಭ: ಮೂರರಲ್ಲೂ `uptime` ಹೊಡೆಯಿರಿ. ಎಲ್ಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಎದ್ದಿದ್ದರೆ ಅದು ಕಾಕತಾಳೀಯವಲ್ಲ.

ಈ ನಡವಳಿಕೆ ನಿಲ್ಲಿಸಲು `/etc/cloudstack/agent/agent.properties` ಫೈಲಿನಲ್ಲಿ ಒಂದು ಸಾಲಿದೆ:

```
reboot.host.and.alert.management.on.heartbeat.timeout=false
```

ಸರ್ವರ್ ಕೆಟ್ಟಾಗ ಯಂತ್ರಗಳನ್ನು ತಾನಾಗಿಯೇ ಬೇರೆಡೆ ಎಬ್ಬಿಸುವ ಸೌಲಭ್ಯ ಬಳಸುತ್ತಿದ್ದರೆ ಇದನ್ನು ಮುಟ್ಟಬೇಡಿ. ಬದಲಿಗೆ ಸ್ಟೋರೇಜನ್ನೂ ಅದರ ಸ್ವಿಚ್ಚನ್ನೂ ಇರುವುದರಲ್ಲಿ ಒಳ್ಳೆಯ ಯುಪಿಎಸ್‌ಗೆ ಹಾಕಿ, ಕರೆಂಟು ಬಂದಾಗ ಮೊದಲು ಸ್ಟೋರೇಜ್ ಎದ್ದು ಆಮೇಲೆ ಸರ್ವರ್ ಏಳುವಂತೆ ಬಯಾಸ್‌ನಲ್ಲಿ ತಡ ಇಡಿ. ಸೆಕ್ರೆಟರಿಯವರು ಉಳಿತಾಯದ ಹಣದಲ್ಲಿ ಒಂದೇ ಒಂದು ವಸ್ತು ಕೊಡಿಸುವುದಾದರೆ ಆ ಯುಪಿಎಸ್ ಕೇಳಿ, ನಾಲ್ಕನೇ ಸರ್ವರ್ ಅಲ್ಲ.

ವಿಎಂವೇರ್‌ನಿಂದ ಯಂತ್ರಗಳನ್ನು ತರುವ ಸೌಲಭ್ಯ ಕ್ಲೌಡ್‌ಸ್ಟ್ಯಾಕ್ 4.19ರಿಂದ ಅದರೊಳಗೇ ಇದೆ. ಲಿನಕ್ಸ್ ಯಂತ್ರಗಳು ಸಾಮಾನ್ಯವಾಗಿ ಸಲೀಸಾಗಿ ಬರುತ್ತವೆ. ಕಾಡುವುದು ಅಕೌಂಟ್ಸ್‌ನ ವಿಂಡೋಸ್ ಯಂತ್ರ. ವರ್ಟ್‌ಐಒ ಡ್ರೈವರ್ ಇಲ್ಲದಿದ್ದರೆ ಅದು ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಎದ್ದರೂ ನೆಟ್‌ವರ್ಕ್ ಕಾರ್ಡ್ ಹೊಸದೆಂದು ಕಂಡು ಹಳೆಯ ಐಪಿ ವಿಳಾಸ ಕಳೆದುಕೊಂಡಿರುತ್ತದೆ. ಟ್ಯಾಲಿ ಇದ್ದರಂತೂ ಮೊದಲೇ ಅದರ ಲೈಸೆನ್ಸ್ ಸರೆಂಡರ್ ಮಾಡಿ, ಹೊಸ ಕಡೆ ಮತ್ತೆ ಆ್ಯಕ್ಟಿವೇಟ್ ಮಾಡಬೇಕು. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಫೀಸ್ ಕೌಂಟರಿನ ಮುಂದೆ ಕ್ಯೂ ನಿಂತಾಗ ಅದು ಎಜುಕೇಶನಲ್ ಮೋಡ್‌ನಲ್ಲಿ ಕೂತಿರುತ್ತದೆ. ಶನಿವಾರ ಸಂಜೆ ಯಂತ್ರ ಆರಿಸಿ ಬದಲಿಸಿ. ಹಳೆಯದನ್ನು ಒಂದು ತಿಂಗಳು ಅಳಿಸಬೇಡಿ. ಹಾಗಾಗಿ ವಿಎಂವೇರ್ ಗಡುವಿಗೆ ಎರಡು ತಿಂಗಳು ಮುಂಚೆಯೇ ಕೆಲಸ ಶುರುವಾಗಬೇಕು. ಖಾಲಿ ಮಾಡಿದ ಒಂದು ಸರ್ವರಿನಿಂದ ಆರಂಭಿಸಿ, ಮಿಕ್ಕವನ್ನು ಒಂದೊಂದಾಗಿ ಸೇರಿಸಿ.

ಮ್ಯಾನೇಜ್‌ಮೆಂಟ್ ಸರ್ವರ್ ಸತ್ತರೆ ಓಡುತ್ತಿರುವ ಯಂತ್ರಗಳು ಓಡುತ್ತಲೇ ಇರುತ್ತವೆ. ಆದರೆ ಅದರ ಡೇಟಾಬೇಸ್ ಹೋದರೆ ಯಾವ ಯಂತ್ರ ಯಾರದು, ಯಾವ ಡಿಸ್ಕ್ ಯಾವುದಕ್ಕೆ ಎಂಬ ಲೆಕ್ಕವೇ ಹೋಗುತ್ತದೆ. ಪ್ರತಿ ರಾತ್ರಿ ಇದನ್ನು ಓಡಿಸಿ:

```
mysqldump --single-transaction --databases cloud cloud_usage > cloud.sql
```

ಇದರ ಜೊತೆ `/etc/cloudstack/management` ಫೋಲ್ಡರನ್ನೂ ಅಕೌಂಟ್ಸ್ ಯಂತ್ರದ ಬ್ಯಾಕಪ್ಪನ್ನೂ ಹಿರಿಯೂರಿನ ಕಾಲೇಜಿಗೆ ಕಳಿಸಿ. ಅದೇ ಸ್ಟೋರೇಜಿನ ಇನ್ನೊಂದು ಫೋಲ್ಡರಿನಲ್ಲಿಟ್ಟ ನಕಲನ್ನು ನಾನು ಬ್ಯಾಕಪ್ ಎಂದು ಒಪ್ಪುವುದಿಲ್ಲ. ಅಡ್ಮಿಷನ್ ದಿನಗಳಲ್ಲಿ ಜನ ಮುಗಿಬೀಳುವ ವೆಬ್‌ಸೈಟನ್ನಂತೂ ಹೊರಗಿನ ಬಾಡಿಗೆ ಹೋಸ್ಟಿಂಗಿನಲ್ಲೇ ಬಿಡಿ.

ಲ್ಯಾಬ್ ಸಹಾಯಕನಿಗೆ ವಾರಕ್ಕೆ ಅರ್ಧ ದಿನವಾದರೂ ಈ ಕೆಲಸಕ್ಕೆ ಬಿಡುವು ಕೊಡಲು ಆಡಳಿತ ಮಂಡಳಿಯಿಂದ ಆದೇಶ ಕೇಳಿ. ನೀವು ರಜೆಯಲ್ಲಿರುವಾಗ ಆತನೊಬ್ಬನೇ ಒಂದು ಯಂತ್ರವನ್ನು ಬ್ಯಾಕಪ್‌ನಿಂದ ಎಬ್ಬಿಸಿ ತೋರಿಸುವವರೆಗೆ ಅಕೌಂಟ್ಸನ್ನು ಹೊಸ ವ್ಯವಸ್ಥೆಗೆ ತರಬೇಡಿ.