ಹಂಡೆ ನೋಡಿ ದೋಟಿ ಎತ್ತು

ತಮ್ಮಾ, ಈ ವರ್ಷ ಚನ್ನಗಿರಿಯ ಜೊತೆಗೆ ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಡೆಯೂ ಖೇಣಿ ಹಿಡಿದಿದ್ದೀಯ ಅಂತ ಕೇಳಿದೆ. ಅಡಿಕೆ ರೇಟಿನ ಬಗ್ಗೆ ನಿನಗೆ ಹೇಳೋದು ಏನೂ ಇಲ್ಲ, ಅದು ನನಗಿಂತ ನಿನ್ನ ಮೊಬೈಲಿಗೇ ಚೆನ್ನಾಗಿ ಗೊತ್ತು. ನಾನು ಹೇಳಬೇಕಾಗಿರೋದು ಗಡಿಯಾರದ ವಿಷಯ. ಖೇಣಿಯಲ್ಲಿ ಕೈ ಸುಟ್ಟುಕೊಂಡವರಲ್ಲಿ ರೇಟು ಬಿದ್ದು ಸುಟ್ಟುಕೊಂಡವರನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಕೊಯ್ದ ಅಡಿಕೆ ತೋಟದ ಬದುವಿನಲ್ಲೇ ರಾತ್ರಿ ಕಳೆದು ಬಣ್ಣ ಕೆಟ್ಟು ಸುಟ್ಟುಕೊಂಡವರ ಮಾತನ್ನು ಯಾರೂ ಆಡೋದಿಲ್ಲ.

ಹೊಸಬರೆಲ್ಲ ದಿನದ ಲೆಕ್ಕವನ್ನು ಮರದಿಂದ ಶುರುಮಾಡುತ್ತಾರೆ. ಇಷ್ಟು ದೋಟಿ, ಇಷ್ಟು ಆಳು, ಸಂಜೆ ಹೊತ್ತಿಗೆ ಎಷ್ಟು ಬಿತ್ತೋ ಅಷ್ಟು. ನೀನು ತಿರುಗಿಸಿ ಲೆಕ್ಕ ಹಾಕು. ಮೊದಲು ನಿನ್ನ ಖೇಣಿ ಮನೆಯಲ್ಲಿ ದಿನಕ್ಕೆ ಎಷ್ಟು ಕ್ವಿಂಟಲ್ ಸುಲಿದು, ಬೇಯಿಸಿ, ಕಣಕ್ಕೆ ಹರವಲು ಆಗುತ್ತೆ ನೋಡು. ಆ ಮೇಲೆ ಗಾಡಿ, ಆ ಮೇಲೆ ಕಾಟಾ, ಕಟ್ಟಕಡೆಗೆ ದೋಟಿ. ಕಾರಣ ಇಷ್ಟೇ: ಹದಕ್ಕೆ ಬಂದ ಗೊನೆ ಮರದ ಮೇಲೆ ನಾಲ್ಕು ದಿನ ತಡೆಯುತ್ತೆ, ಕೊಯ್ದು ಉದುರಿಸಿದ ಕಾಯಿ ತಡೆಯೋದಿಲ್ಲ. ರಾಶಿ ಹಾಕಿದರೆ ಒಳಗೆ ಬಿಸಿಯೇರುತ್ತೆ, ಸಿಪ್ಪೆ ಬಾಡಿ ನಾರಾಗುತ್ತೆ, ಯಂತ್ರಕ್ಕೆ ಕೊಟ್ಟರೆ ಸಿಪ್ಪೆ ಸರಿಯಾಗಿ ಬಿಡದೆ ಬೇಳೆ ಒಡೆಯುತ್ತೆ. ಎಷ್ಟೇ ಒಳ್ಳೆ ಚೊಗರು ಹಾಕಿ ಬೇಯಿಸಿದರೂ ಅಂಥ ಅಡಿಕೆಗೆ ಆ ಕೆಂಪು ಬರೋದಿಲ್ಲ. ಇದನ್ನು ತಿಳಿಯೋಕೆ ಯಂತ್ರ ಬೇಡ. ರಾಶಿಯೊಳಗೆ ಮೊಣಕೈವರೆಗೂ ಕೈ ಹಾಕು. ಒಳಗೆ ಬೆಚ್ಚಗಿದ್ದರೆ ನಿನ್ನ ಲೆಕ್ಕ ಆಗಲೇ ತಪ್ಪಿದೆ ಅಂತ ಅರ್ಥ.

ಒಂದು ದಿನವನ್ನೇ ಹಿಡಿದು ಬಿಡಿಸಿ ಹೇಳುತ್ತೇನೆ. ನಿನ್ನ ಸುಲಿಯುವ ಯಂತ್ರ ಗಂಟೆಗೆ 5 ಕ್ವಿಂಟಲ್ ಹಸಿ ಅಡಿಕೆ ಸುಲಿಯುತ್ತೆ ಅಂತಿಟ್ಟುಕೋ. ಬೆಳಿಗ್ಗೆ 9ಕ್ಕೆ ಶುರುವಾಗಿ, ನಡುವೆ ಊಟಕ್ಕೆ ಒಂದು ಗಂಟೆ ಬಿಟ್ಟು, ಸಂಜೆ 6ರವರೆಗೆ ಓಡಿದರೆ 40 ಕ್ವಿಂಟಲ್. ಹಂಡೆಯೂ ಅಷ್ಟನ್ನು ತಡೆದುಕೊಳ್ಳುತ್ತೆ ಅನ್ನೋಣ. ಹಾಗಾದರೆ ಎಷ್ಟೇ ತೋಟ ಹಿಡಿದಿದ್ದರೂ ದಿನಕ್ಕೆ ಕೊಯ್ಯಬೇಕಾದ್ದು 40, ಅದಕ್ಕಿಂತ ಒಂದು ಚೀಲವೂ ಹೆಚ್ಚಲ್ಲ. ನಮ್ಮ ಕಡೆ 9 ಅಡಿ ಅಂತರದ ತೋಟದಲ್ಲಿ ಎಕರೆಗೆ ಐನೂರು ಚಿಲ್ಲರೆ ಮರ. ಒಂದು ಕೊಯ್ಲಿನಲ್ಲಿ ಮರಕ್ಕೆ ಸರಾಸರಿ 4 ಕೆಜಿ ಸಿಕ್ಕರೂ 40 ಕ್ವಿಂಟಲಿಗೆ ಸಾವಿರ ಮರ, ಅಂದರೆ ಎರಡು ಎಕರೆಗೆ ಸ್ವಲ್ಪ ಕಡಿಮೆ. ಒಬ್ಬ ದೋಟಿಯವನು ದಿನಕ್ಕೆ 250 ಮರ ಮುಗಿಸುತ್ತಾನೆ ಅಂತಾದರೆ ನಾಲ್ಕು ದೋಟಿ ಬೇಕು. ಎರಡು ಗುಂಪು ಮಾಡು, ಗುಂಪಿಗೆ ಎರಡು ದೋಟಿ. ಗೊನೆ ಹಿಡಿಯೋರು, ಹೊರೋರು, ಉದುರಿಸೋ ಹೆಣ್ಣಾಳುಗಳು ಆ ದೋಟಿಯ ವೇಗಕ್ಕೆ ತಕ್ಕಂತೆ. ನಿನ್ನ ಆಳುಗಳ ಅಳತೆ ಬೇರೆ ಇರಬಹುದು. ಮೊದಲ ದಿನ ಮೇಸ್ತ್ರಿ ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳದೆ, ನೀನೇ ನಿಂತು ಒಂದು ಗಂಟೆಯಲ್ಲಿ ಎಷ್ಟು ಮರ ಆಯಿತು ಎಣಿಸು.

ಈಗ ಗಾಡಿ. 15 ಕ್ವಿಂಟಲ್ ಹೊರುವ ಒಂದು ಪಿಕಪ್ ಸಾಕು, ಆದರೆ ಮೂರು ಬಾರಿ ಓಡಬೇಕು. ಬೆಳಿಗ್ಗೆ ಏಳಕ್ಕೆ ದೋಟಿ ಎತ್ತಿದರೆ ಹತ್ತರ ಹೊತ್ತಿಗೆ ಎರಡೂ ತೋಟದಲ್ಲಿ ಆರಾರು ಕ್ವಿಂಟಲ್ ಉದುರಿಸಿ ಆಗಿರುತ್ತೆ. ಆಗಲೇ ಮೊದಲ ತೂಕ. 10:30ಕ್ಕೆ ಹೊರಟ ಗಾಡಿ 11:15ಕ್ಕೆ ಮನೆ ಸೇರಿದರೆ 12 ಕ್ವಿಂಟಲ್ ಬಂತು. ಮಧ್ಯಾಹ್ನ 1:30ಕ್ಕೆ ಹೊರಡುವ ಎರಡನೆಯದರಲ್ಲಿ 14, ಸಂಜೆ 4:30ಕ್ಕೆ ಹೊರಡುವ ಕಡೆಯದರಲ್ಲಿ 14. ಒಟ್ಟು 40 ಆಯಿತು.

ಇಲ್ಲೊಂದು ಸೂಕ್ಷ್ಮ ಇದೆ. ಯಂತ್ರ 9ಕ್ಕೆ ಶುರು, ಮೊದಲ ಗಾಡಿ ಬರೋದು 11:15ಕ್ಕೆ. ಅಲ್ಲಿವರೆಗೆ ಯಂತ್ರಕ್ಕೆ ಏನು ಹಾಕ್ತೀಯ? ನಿನ್ನೆ ಸಂಜೆ ಕಡೆಯ ಗಾಡಿಯಲ್ಲಿ ಬಂದ 14 ಕ್ವಿಂಟಲ್ ಅದಕ್ಕೇ ಇರೋದು. ಬೇಕಾದರೆ ಕಾಗದದ ಮೇಲೆ ಕೂಡಿಸಿ ಕಳೆದು ನೋಡು. ಮೊದಲ ಗಾಡಿ ಬರುವ ಹೊತ್ತಿಗೆ ಆ 14ರಲ್ಲಿ ಎರಡು ಮುಕ್ಕಾಲು ಕ್ವಿಂಟಲ್ ಉಳಿದಿರುತ್ತೆ. ಎರಡನೆಯ ಗಾಡಿ ಬರುವಾಗ ಐದಕ್ಕೆ ಸ್ವಲ್ಪ ಕಡಿಮೆ. ಸಂಜೆ 6ಕ್ಕೆ ಅದೂ ಖಾಲಿಯಾಗಿ, 5:15ಕ್ಕೆ ಬಂದ ಕಡೆಯ 14 ಮಾತ್ರ ನಾಳೆಗೆ ಉಳಿಯುತ್ತೆ. ಹೀಗೆ ಒಂದೇ ಒಂದು ಗಾಡಿಯ ಮಾಲು ರಾತ್ರಿ ತಂಗಬೇಕು, ಅದನ್ನೂ ಚೀಲದಲ್ಲಿ ಬಿಡದೆ ಸಿಮೆಂಟ್ ನೆಲದ ಮೇಲೆ ತೆಳ್ಳಗೆ ಹರವಬೇಕು. ಬೆಳಿಗ್ಗೆ ಯಂತ್ರಕ್ಕೆ ಮೊದಲು ಹೋಗಬೇಕಾದ್ದು ಅದೇ. ಹೊಸ ಮಾಲು ಬಂತು ಅಂತ ಹಳೆಯದನ್ನು ಮೂಲೆಗೆ ತಳ್ಳುವ ಚಟ ಕೆಲಸದವರಿಗೆ ಇರುತ್ತೆ, ಹೊಸದರ ಸಿಪ್ಪೆ ಸಲೀಸಾಗಿ ಬಿಡುತ್ತಲ್ಲ. ಅದಕ್ಕೆ ಅವಕಾಶ ಕೊಡಬೇಡ.

ಕಡೆಯ ಗಾಡಿ 4:30ಕ್ಕೆ ಅಂದರೆ ದೋಟಿ ಮೂರಕ್ಕೇ ಇಳಿಯಬೇಕು. ಇದನ್ನು ಒಪ್ಪಿಸೋದು ಕಷ್ಟ. ಬಿಸಿಲು ತಗ್ಗಿದ ಮೇಲೆ ಕೆಲಸ ಚುರುಕಾಗುತ್ತೆ, ಇನ್ನೊಂದು ಸಾಲು ಮುಗಿಸಿಬಿಡೋಣ ಅಂತಾರೆ. ಮುಗಿಸಿದ ಆ ಸಾಲಿನ ಗೊನೆ ಉದುರಿಸೋಕೆ, ತುಂಬೋಕೆ, ತೂಗೋಕೆ ಒಂದೂವರೆ ಗಂಟೆ ಬೇಕು, ಅಷ್ಟರಲ್ಲಿ ಕತ್ತಲೆ. ಕತ್ತಲಲ್ಲಿ ತೂಕ ಮಾಡಿದ ಕಡೆಗೆಲ್ಲ ಜಗಳ ಗ್ಯಾರಂಟಿ. ದೋಟಿಯವರಿಗೆ ಗಂಟೆಯ ಬದಲು ಮರದ ಲೆಕ್ಕ ಕೊಟ್ಟು ಮೂರಕ್ಕೆ ಮನೆಗೆ ಬಿಟ್ಟರೆ ಅವರಿಗೂ ಸಂತೋಷ.

ತೂಕದ ವಿಷಯ ಸ್ವಲ್ಪ ನಿಂತು ಹೇಳಬೇಕು. ನೀನು ಕ್ವಿಂಟಲ್ ಹಸಿಗೆ 13 ಕೆಜಿ ಒಣ ಅಡಿಕೆ ಕೊಡುವ ಮಾತಿಗೆ ಖೇಣಿ ಮಾಡಿದ್ದೀಯ ಅಂತಿಟ್ಟುಕೋ. ಒಂದು ಕ್ವಿಂಟಲ್ ತೂಕ ಆಚೀಚೆ ಆದರೆ 13 ಕೆಜಿ ರಾಶಿ ಅಡಿಕೆ ಆಚೀಚೆ. ಕ್ವಿಂಟಲಿಗೆ 50,000 ರೂಪಾಯಿ ಹಿಡಿದರೂ ಅದು 6,500. ಕೊಯ್ದ ಕಾಯಿ ಬಿಸಿಲಲ್ಲಿ ಬಿದ್ದಷ್ಟೂ ತೂಕ ಇಳಿಯುತ್ತೆ, ಅದು ತೋಟದವನಿಗೆ ನಷ್ಟ. ಮಳೆ ನೀರು ಸೋರುತ್ತಿರುವಾಗಲೇ ತೂಗಿದರೆ ನಿನಗೆ ನಷ್ಟ. ಅದಕ್ಕೇ ದಿನಕ್ಕೆ ಮೂರು ಸಲ, ಹೇಳಿದ ಹೊತ್ತಿಗೆ, ತೋಟದಲ್ಲೇ ತೂಕ ಆಗಬೇಕು. 10ಕ್ಕೆ, 1ಕ್ಕೆ, 4ಕ್ಕೆ ಅಂತ ತೋಟದವರಿಗೆ ಹಿಂದಿನ ರಾತ್ರಿಯೇ ಹೇಳಿದರೆ ಮನೆಯವರು ಯಾರಾದರೂ ಬಂದು ನಿಲ್ಲುತ್ತಾರೆ. ಕಾಟಾಕ್ಕೆ ಆ ವರ್ಷದ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಲಿ. ಖಾಲಿ ಕ್ರೇಟನ್ನು ಮೊದಲು ಎಲ್ಲರೆದುರು ತೂಗಿ ಕಳೆಯಬೇಕು. ಮಳೆಯಲ್ಲಿ ನೆನೆದಿದ್ದರೆ ತೂತಿರುವ ಕ್ರೇಟಿನಲ್ಲಿ ಅರ್ಧ ಗಂಟೆ ನೀರು ಬಸಿಯಲು ಬಿಟ್ಟು ತೂಗು. ನೀರಿಗೆ ಅಂತ ಬಾಯಿಗೆ ಬಂದಷ್ಟು ಕೆಜಿ ಕಳೆಯುವ ಪದ್ಧತಿ ಬೇಡ, ಊರಲ್ಲಿ ಹೆಸರು ಕೆಡೋದು ಅಲ್ಲಿಂದಲೇ. ಚೀಟಿ ಎರಡು ಬರೆದು ಒಂದನ್ನು ಅವರ ಕೈಯಲ್ಲಿಟ್ಟ ಮೇಲೆಯೇ ಗಾಡಿ ಕದಲಬೇಕು.

ನಾಲ್ಕು ತಾಲ್ಲೂಕಿಗೂ ಇದೇ ಗಡಿಯಾರ ನಡೆಯೋದಿಲ್ಲ. ಚನ್ನಗಿರಿಯ ಭದ್ರಾ ನಾಲೆ ಬಯಲಿನಲ್ಲಿ ನೀರು ಬಿಟ್ಟಿರುವ ದಿನಗಳಲ್ಲಿ ತೋಟದ ದಾರಿ ಕೆಸರು. ಪಿಕಪ್ ಒಳಗೆ ಹೋಗೋದಿಲ್ಲ, ರಸ್ತೆವರೆಗೆ ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕು, ಆ ಅರ್ಧ ಗಂಟೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿ. ಹೊನ್ನಾಳಿಯಲ್ಲಿ ತೊಂದರೆ ದಾರಿಯದಲ್ಲ. ಮುಂಗಾರಿನ ಭತ್ತ, ಮೆಕ್ಕೆಜೋಳ ಕಟಾವಿಗೆ ಬರುವ ಹೊತ್ತಿಗೆ ಆಳೂ ಟ್ರ್ಯಾಕ್ಟರೂ ಅತ್ತ ಹೋಗಿಬಿಡುತ್ತವೆ. ಆ ವಾರಗಳಿಗೆ ಗಾಡಿ ಮುಂಚೆಯೇ ಮಾತಾಡಿಡು. ನ್ಯಾಮತಿ ಮಲೆನಾಡಿನ ಅಂಚು, ಮಳೆ ಬೇಗ ಬಿಡೋದಿಲ್ಲ. ಒದ್ದೆ ದೋಟಿ, ಅದರಲ್ಲೂ ಅಲ್ಯೂಮಿನಿಯಂ ದೋಟಿ, ವಿದ್ಯುತ್ ತಂತಿಗೆ ತಗುಲಿ ಜೀವ ಹೋದದ್ದು ನಮ್ಮ ಸೀಮೆಯಲ್ಲಿ ಒಂದೆರಡು ಸಲ ಅಲ್ಲ. ತಂತಿ ಹಾದುಹೋಗಿರುವ ಸಾಲುಗಳನ್ನು ಹಿಂದಿನ ದಿನವೇ ಗುರುತು ಮಾಡಿ, ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಿದ ಹೊತ್ತಿನಲ್ಲಿ ಮಾತ್ರ ಮುಗಿಸು. ಆ ಹೊತ್ತು ನಿನ್ನ ತೂಕದ ಹೊತ್ತಿಗೆ ಹೊಂದಲಿಲ್ಲವಾದರೆ ಆ ಸಾಲನ್ನೇ ಬಿಟ್ಟು ಬಾ.

ಜಗಳೂರು ಪೂರಾ ಬೇರೆ ಲೆಕ್ಕ. ಬೋರ್‌ವೆಲ್ ನಂಬಿ ಬೆಳೆದ ತೋಟಗಳು, ಒಂದರಿಂದ ಒಂದು ದೂರ ದೂರ. ದಾವಣಗೆರೆ ದಾಟಿ ಚನ್ನಗಿರಿಗೆ ಬರೋಕೆ ನೂರು ಕಿಲೋಮೀಟರಿನ ಹತ್ತಿರದ ದಾರಿ. ದಿನಕ್ಕೆ ಮೂರು ಗಾಡಿ ಓಡಿಸಿದರೆ ಡೀಸೆಲ್ಲೇ ಲಾಭ ತಿನ್ನುತ್ತೆ. ಅಲ್ಲಿ ಒಂದೇ ಗುಂಪು ಇಟ್ಟು, ಮಧ್ಯಾಹ್ನ 1ಕ್ಕೆ ದೋಟಿ ಇಳಿಸಿ, 3ರೊಳಗೆ ತೂಕ ಮುಗಿಸಿ, 3:30ಕ್ಕೆ ಒಂದೇ ಗಾಡಿ ಹೊರಡಿಸು. ಅದು ಮನೆ ಸೇರುವಾಗ ಸಂಜೆ ಆರೂವರೆ. ಆವತ್ತಿಗೆ ಅದು ಪ್ರಯೋಜನಕ್ಕೆ ಬರಲ್ಲ, ನಾಳೆ ಬೆಳಗಿನ ಯಂತ್ರಕ್ಕೆ ಬೇಕಾದ 14 ಕ್ವಿಂಟಲ್ ಅದೇ ಆಗಲಿ. ಹಾಗಾಗಿ ಜಗಳೂರಿನ ಗಾಡಿ ಬರುವ ದಿನ ಚನ್ನಗಿರಿ ಗುಂಪುಗಳ 4:30ರ ಗಾಡಿ ರದ್ದು. ಅವರು ಎರಡನೇ ತೂಕಕ್ಕೆ ತಕ್ಕಷ್ಟು ಕೊಯ್ದು ನಿಲ್ಲಿಸಬೇಕು. ಇದನ್ನು ಮರೆತ ದಿನ ನಿನ್ನ ನೆಲದ ಮೇಲೆ ರಾತ್ರಿ 28 ಕ್ವಿಂಟಲ್ ತಂಗುತ್ತೆ. ಜಗಳೂರಿನಲ್ಲಿ ಹತ್ತಾರು ಎಕರೆ ಒಟ್ಟಿಗೆ ಸಿಕ್ಕರೆ ಟ್ರ್ಯಾಕ್ಟರಿಗೆ ಜೋಡಿಸುವ ಯಂತ್ರ ಒಯ್ದು ಅಲ್ಲೇ ಸುಲಿಸೋದು ಮೇಲು, ಸಿಪ್ಪೆಯ ಭಾರ ಹೊತ್ತು ತರುವುದಾದರೂ ತಪ್ಪುತ್ತೆ.

ಲೆಕ್ಕ ಎಷ್ಟು ಚೆನ್ನಾಗಿದ್ದರೂ ಯಂತ್ರದ ಬೆಲ್ಟ್ ಹರಿಯುತ್ತೆ, ಕರೆಂಟ್ ಹೋಗುತ್ತೆ, ಮೋಡ ಕವಿದು ಕಣ ಖಾಲಿಯಾಗೋದಿಲ್ಲ. ಅಂಥ ಹೊತ್ತಿನಲ್ಲಿ ಖೇಣಿ ಮನೆಯವನು ಮೊದಲು ಫೋನ್ ಮಾಡಬೇಕಾದ್ದು ನಿನಗಲ್ಲ, ತೋಟದಲ್ಲಿರುವ ಮೇಸ್ತ್ರಿಗೆ. ಒಂದು ಗಂಟೆ ಯಂತ್ರ ನಿಂತರೆ 5 ಕ್ವಿಂಟಲ್ ಕಡಿಮೆ ಕೊಯ್ಯಬೇಕು, ಅಂದರೆ ನೂರಿಪ್ಪತ್ತೈದು ಮರ ನಾಳೆಗೆ. ಈ ಲೆಕ್ಕವನ್ನು ಮೇಸ್ತ್ರಿಗೆ ಬಾಯಿಪಾಠ ಮಾಡಿಸಿಬಿಡು, ನಿನ್ನನ್ನು ಕೇಳುತ್ತಾ ಕೂತರೆ ಅಷ್ಟರಲ್ಲಿ ಗೊನೆ ನೆಲಕ್ಕೆ ಬಿದ್ದಿರುತ್ತೆ.

ಮರದ ಮೇಲೆ ತಡೆಯುತ್ತೆ ಅಂದೆನಲ್ಲ, ಅದಕ್ಕೂ ಮಿತಿ ಇದೆ. ನಾಲ್ಕು ದಿನ ಸರಿ, ಎರಡು ವಾರ ತಳ್ಳಿದರೆ ಕಾಯಿ ಬಲಿತು ಗೊರಬಲಿನ ಪಾಲಾಗುತ್ತೆ. ಹಾಗಾಗಿ ಯಾವ ತೋಟ ಮೊದಲು ಅನ್ನೋದನ್ನು ಯಾರು ಜೋರಾಗಿ ಫೋನ್ ಮಾಡಿದರು ಅಂತ ನೋಡಿ ತೀರ್ಮಾನಿಸಬೇಡ. ವಾರಕ್ಕೊಮ್ಮೆ ಪ್ರತಿ ತೋಟದಲ್ಲೂ ನಾಲ್ಕೈದು ಮರದಿಂದ ಕಾಯಿ ತೆಗೆಸಿ ಸೀಳಿ, ಬೇಳೆಗೆ ಉಗುರು ಇಳಿಯುತ್ತೋ ನೋಡು. ಎಲ್ಲಿ ಉಗುರು ಇಳಿಯೋದು ಕಷ್ಟವಾಗುತ್ತಾ ಬಂದಿದೆಯೋ ಆ ತೋಟಕ್ಕೆ ನಾಳೆ ಗುಂಪು ಹೋಗಲಿ. ಪ್ರತಿ ತೋಟದ ಕೊಯ್ಲಿನ ತಾರೀಖನ್ನು ಚೀಟಿ ಪುಸ್ತಕದಲ್ಲೇ ಬರೆದಿಡು. ಮುಂದಿನ ಕೊಯ್ಲು ಅಲ್ಲಿಂದ ಸುಮಾರು 40 ದಿನಕ್ಕೆ ಬರುತ್ತೆ, ದೀಪಾವಳಿಗೆ ಆಳುಗಳು ಊರಿಗೆ ಹೋಗುವ ವಾರ ಯಾವ ತೋಟದ ಸರದಿಗೆ ಬೀಳುತ್ತೆ ಅಂತ ಈಗಲೇ ಕಾಣುತ್ತೆ. ಆ ತೋಟವನ್ನು ಐದಾರು ದಿನ ಮುಂಚೆಯೇ ಕೊಯ್ಯಿಸಿಬಿಡು.